ಟೊಮೆಟೊದಲ್ಲೂ ಅದೇ, ಪೊಟ್ಟಣದಲ್ಲೂ ಅದೇ

2014ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಆಹಾರ ಸುರಕ್ಷತಾ ಅಧಿಕಾರಿಯೊಬ್ಬರು ಮ್ಯಾಗಿ ನೂಡಲ್ಸ್ ಪೊಟ್ಟಣಗಳನ್ನು ಪರೀಕ್ಷೆಗೆ ಕಳಿಸಿದರು. ಪೊಟ್ಟಣದ ಮೇಲೆ ‘ಎಂಎಸ್‌ಜಿ ಸೇರಿಸಿಲ್ಲ’ ಎಂದು ಅಚ್ಚಾಗಿತ್ತು. ಪರೀಕ್ಷೆಯಲ್ಲಿ ಅದು ಪತ್ತೆಯಾಯಿತು. ಸೀಸದ ಅಂಶವೂ ಹೆಚ್ಚಿದೆ ಎಂಬ ವರದಿ ಬಂದು, 2015ರ ಜೂನ್‌ನಲ್ಲಿ ದೇಶದಾದ್ಯಂತ ಮಾರಾಟ ನಿಂತಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಸೀಸ ಮತ್ತು ಗ್ಲುಟಮಿಕ್ ಆಮ್ಲದ ಪ್ರಶ್ನೆ ಮೈಸೂರಿನ ಪ್ರಯೋಗಾಲಯದ ಮುಂದೆಯೂ ಬಂತು.

ಸೀಸದ್ದು ಬೇರೆಯೇ ವಿಷಯ, ಅದು ನಿಜವಾದ ವಿಷ. ಆದರೆ ಎಂಎಸ್‌ಜಿ ವಿಚಾರದಲ್ಲಿ ಆ ಪ್ರಕರಣ ಒಂದು ಮುಖ್ಯ ಸಂಗತಿಯನ್ನು ಬಯಲಿಗೆ ತಂದಿತು. ಗೋಧಿಹಿಟ್ಟು, ಈರುಳ್ಳಿ ಪುಡಿ, ಕಡಲೆಕಾಯಿಯಿಂದ ತೆಗೆದ ಪ್ರೋಟೀನ್ ಇವುಗಳಿಂದಲೂ ಗ್ಲುಟಮೇಟ್ ಬರುತ್ತದೆ. ತಯಾರಕರು ಹಾಕಿದ್ದು ಯಾವುದು, ಪದಾರ್ಥದಲ್ಲೇ ಇದ್ದದ್ದು ಯಾವುದು ಎಂದು ಪ್ರಯೋಗಾಲಯ ಬೇರ್ಪಡಿಸಿ ಹೇಳಲಾರದು. ಹೀಗಾಗಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ, ಬೇಕೆಂದೇ ಸೇರಿಸಿದ್ದು ಖಚಿತವಾಗದೆ ನೂಡಲ್ಸ್ ತಯಾರಕರ ಮೇಲೆ ಮೊಕದ್ದಮೆ ಹೂಡಬೇಡಿ ಎಂದು ರಾಜ್ಯಗಳಿಗೆ ತಿಳಿಸಿತು.

ಬೇರ್ಪಡಿಸಲು ಆಗದಿರುವುದಕ್ಕೆ ಕಾರಣ ಸರಳ. ಗ್ಲುಟಮಿಕ್ ಆಮ್ಲ ನಮ್ಮ ಬೇಳೆ, ಹಾಲು, ಮಾಂಸಗಳ ಪ್ರೋಟೀನ್‌ನ ಒಂದು ಭಾಗ. ಅದರ ಜೊತೆ ಸೋಡಿಯಂ ಸೇರಿದರೆ ಹೋಟೆಲಿನವರು ಟೇಸ್ಟಿಂಗ್ ಪೌಡರ್ ಎನ್ನುವ, ನಾವು ಅಜಿನೊಮೊಟೊ ಎಂದು ಕರೆಯುವ ಬಿಳಿ ಹರಳು. 1908ರಲ್ಲಿ ಟೋಕಿಯೊದ ಕಿಕುನೆ ಇಕೆಡಾ ಇದನ್ನು ಕೊಂಬು ಎಂಬ ಕಡಲಪಾಚಿಯ ತಿಳಿಸಾರಿನಿಂದ ಬೇರ್ಪಡಿಸಿದರು. ನೀರಿನಲ್ಲಿ ಕರಗಿತೆಂದರೆ ಸೋಡಿಯಂ ಒಂದು ಕಡೆ, ಗ್ಲುಟಮೇಟ್ ಒಂದು ಕಡೆ. ಹಾಗೆ ಬಿಡಿಯಾದ ಗ್ಲುಟಮೇಟಿಗೂ ಟೊಮೆಟೊದ್ದಕ್ಕೂ ಏನೇನೂ ವ್ಯತ್ಯಾಸವಿಲ್ಲ.

ನಾಲಿಗೆಗೆ ಸಿಗುವುದು ಪ್ರೋಟೀನ್‌ನಿಂದ ಬಿಡುಗಡೆಯಾದ ಗ್ಲುಟಮೇಟ್ ಮಾತ್ರ. ಟೊಮೆಟೊ ಕಾಯಿಯಿಂದ ಹಣ್ಣಾಗುವಾಗ ಅದು ಏರುತ್ತ ಹೋಗುತ್ತದೆ. ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲಿ ಹೆಚ್ಚು. ಸಾರಿಗೆ ಬೀಜ ತೆಗೆದು ಹಾಕುವವರು ರುಚಿಯನ್ನೇ ಚೆಲ್ಲುತ್ತಾರೆ. ಚೀಸ್‌ನಲ್ಲಿ ಈ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮತ್ತು ಕಿಣ್ವಗಳು: ತಿಂಗಳುಗಟ್ಟಲೆ ಹಾಲಿನ ಪ್ರೋಟೀನನ್ನು ಒಡೆಯುತ್ತವೆ. ಅದಕ್ಕೇ ಹಳೆಯ ಪಾರ್ಮೆಸಾನ್‌ನಲ್ಲಿ ಗ್ಲುಟಮೇಟ್ ತುಂಬಿರುತ್ತದೆ, ಇವತ್ತು ಒಡೆದ ಹಾಲಿನ ಪನೀರಿನಲ್ಲಿ ಅತ್ಯಲ್ಪ.

ಲೆಕ್ಕ ಹಾಕಿ ನೋಡೋಣ. ಚೆನ್ನಾಗಿ ಹಣ್ಣಾದ ಟೊಮೆಟೊದಲ್ಲಿ 100 ಗ್ರಾಂಗೆ ಸುಮಾರು 200 ಮಿಲಿಗ್ರಾಂ ಬಿಡಿ ಗ್ಲುಟಮೇಟ್ ಇರಬಹುದು, ಪಾರ್ಮೆಸಾನ್‌ನಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು. ಅರ್ಧ ಗ್ರಾಂ ಟೇಸ್ಟಿಂಗ್ ಪೌಡರ್‌ನಲ್ಲಿ ಸುಮಾರು 400 ಮಿಲಿಗ್ರಾಂ. ಅಂದರೆ 200 ಗ್ರಾಂ ಟೊಮೆಟೊ ಹಾಕಿದ ಸಾರಿನಲ್ಲಿರುವಷ್ಟೇ.

ಹಾಗಾದರೆ ಭಯ ಎಲ್ಲಿಂದ ಬಂತು? 1968ರಲ್ಲಿ ಅಮೆರಿಕದ ವೈದ್ಯರೊಬ್ಬರು ಚೀನೀ ಹೋಟೆಲಿನ ಊಟದ ನಂತರ ಕತ್ತು ಮರಗಟ್ಟಿ ಎದೆ ಬಡಿದುಕೊಂಡದ್ದನ್ನು ವೈದ್ಯಕೀಯ ಪತ್ರಿಕೆಗೆ ಬರೆದರು. ಸೋಯಾ ಸಾಸ್, ಅಡುಗೆಯ ವೈನ್, ಉಪ್ಪು, ಎಂಎಸ್‌ಜಿ ಎಲ್ಲವನ್ನೂ ಅವರು ಅನುಮಾನಿಸಿದ್ದರು. ಜನರ ಮನಸ್ಸಿನಲ್ಲಿ ಉಳಿದದ್ದು ಕೊನೆಯದು. ಮರುವರ್ಷ ಎಳೆ ಇಲಿಮರಿಗಳಿಗೆ ಚರ್ಮದಡಿ ಭಾರೀ ಪ್ರಮಾಣದಲ್ಲಿ ಚುಚ್ಚಿದಾಗ ಮಿದುಳಿಗೆ ಹಾನಿಯಾದದ್ದು ವರದಿಯಾಯಿತು. ಊಟದ ದಾರಿ ಹಾಗಲ್ಲ. ತಿಂದ ಗ್ಲುಟಮೇಟಿನ ಬಹುಪಾಲನ್ನು ಕರುಳಿನ ಜೀವಕೋಶಗಳೇ ತಮ್ಮ ಶಕ್ತಿಗೆ ಉರಿಸಿಕೊಳ್ಳುತ್ತವೆ.

2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಮಗೆ ಎಂಎಸ್‌ಜಿ ಆಗಿಬರುವುದಿಲ್ಲ ಎಂದ 130 ಜನರಿಗೆ, ಯಾವುದು ಎಂದು ಹೇಳದೆ, ಊಟವಿಲ್ಲದೆ 5 ಗ್ರಾಂವರೆಗೆ ಎಂಎಸ್‌ಜಿ ಅಥವಾ ನಕಲಿ ಪದಾರ್ಥ ಕೊಟ್ಟರು. ಮತ್ತೆ ಮತ್ತೆ ಪರೀಕ್ಷಿಸಿದಾಗ ಎಂಎಸ್‌ಜಿಗೆ ಪ್ರತಿ ಬಾರಿ ತೊಂದರೆ ಕಾಣಿಸಿದ್ದು ಇಬ್ಬರಿಗೆ ಮಾತ್ರ. ಊಟದ ಜೊತೆ ಕೊಟ್ಟಾಗ ಅವರಲ್ಲೂ ಅದು ಸ್ಥಿರವಾಗಿ ಕಾಣಲಿಲ್ಲ. ಆದ್ದರಿಂದ ಖಾಲಿ ಹೊಟ್ಟೆಗೆ 3 ಗ್ರಾಂ, ಅದಕ್ಕಿಂತ ಹೆಚ್ಚು ಬಿದ್ದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಬೆವರು ಬರಬಹುದು ಎಂಬುದನ್ನು ತಳ್ಳಿಹಾಕಲಾಗದು. ಹಾಗೆ ಅನುಭವವಾದವರು ಬಿಡುವುದೇ ಸರಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೂ 2017ರಲ್ಲಿ ಮಿತಿಯೊಂದನ್ನು ಹಾಕಿತು: ಬೆರೆಸುವ ಗ್ಲುಟಮೇಟ್ ದಿನಕ್ಕೆ ದೇಹತೂಕದ ಕಿಲೋಗೆ 30 ಮಿಲಿಗ್ರಾಂ. 60 ಕಿಲೋದವರಿಗೆ 1.8 ಗ್ರಾಂ. ಮನೆಯಲ್ಲಿ ಒಂದು ಚಿಟಿಕೆ ಹಾಕುವವರು ಇದನ್ನು ದಾಟುವುದಿಲ್ಲ. ದಿನವೂ ಪೊಟ್ಟಣದ ತಿಂಡಿಯಲ್ಲೇ ಬದುಕುವವರು ದಾಟಬಹುದು. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು.

ಗಾಡಿಯ ಗೋಬಿ ಮಂಚೂರಿ ತಿಂದು ಹೊಟ್ಟೆ ಕೆಟ್ಟರೆ ನಾನು ಮೊದಲು ನೋಡುವುದು ಮತ್ತೆ ಮತ್ತೆ ಕಾದ ಎಣ್ಣೆಯನ್ನು, ಸಾಸಿನ ಉಪ್ಪನ್ನು. ಕೆಂಪು ಬಣ್ಣವನ್ನೂ ಗಮನಿಸಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಯಲ್ಲಿ ನಿಷೇಧಿಸಿದ್ದು ಕೃತಕ ಬಣ್ಣಗಳನ್ನು, ಟೇಸ್ಟಿಂಗ್ ಪೌಡರನ್ನಲ್ಲ.