ಒಣಗಿದರೆ ಮೋಲ್ಡ್ ಗಟ್ಟಿಯಾಗುವುದಿಲ್ಲ

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದೇ ಬಹಳ ಮಂದಿಯ ನಂಬಿಕೆ. ನಡೆಯುವುದು ಇದಕ್ಕೆ ತದ್ವಿರುದ್ಧ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಮರಳು, ಜಲ್ಲಿಯನ್ನು ಹಿಡಿದಿಡುವ ಅಂಟಾಗುತ್ತದೆ. ನೀರಾರಿದರೆ ಆ ಕೆಲಸ ಅಲ್ಲಿಗೇ ನಿಂತಿತು. 50 ಕಿಲೋ ಚೀಲಕ್ಕೆ 25 ಲೀಟರ್ ನೀರು ಹಾಕಿ ಕಲಸಿದ್ದರೆ ಪೂರ್ತಿ ಕ್ರಿಯೆಗೆ ಸುಮಾರು 20 ಲೀಟರ್ ಸಾಕು. ಬೇಕಾದ ನೀರು ಒಳಗೇ ಇದೆ. ಅದು ಹಾರಿಹೋಗದಂತೆ ಕಾಯುವುದೇ ಕ್ಯೂರಿಂಗ್.

ತಾರಸಿಯ ಮೋಲ್ಡ್‌ಗೆ ಈ ಕಾವಲು ಹೆಚ್ಚು ಬೇಕು. ಐದಿಂಚು ದಪ್ಪ, ಮೇಲ್ಮೈಯೆಲ್ಲ ಬಿಸಿಲಿಗೆ ಬಯಲು. ಕೆಳಭಾಗಕ್ಕೆ ಸೆಂಟ್ರಿಂಗ್ ಹಲಗೆಯ ಆಸರೆ ಇರುವುದರಿಂದ ಮೊದಲು ಕೆಡುವುದು ಮೇಲಿನ ಒಂದೆರಡು ಇಂಚು. ಕೋಣೆಯ ನಡುವೆ ಭಾರ ಬಿದ್ದಾಗ ಒತ್ತಡ ತಡೆಯುವುದೂ, ಗೋಡೆಯ ನೆತ್ತಿಯಲ್ಲಿ ಮೇಲಿನ ಕಂಬಿಯನ್ನು ತುಕ್ಕಿನಿಂದ ಕಾಪಾಡುವುದೂ ಆ ಪದರವೇ.

ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರು ಹೊಡೆಯುವುದು ನಮ್ಮಲ್ಲಿ ರೂಢಿ. ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆಗೆಲ್ಲ ಮೋಲ್ಡ್ ಬೆಳ್ಳಗಾಗಿರುತ್ತದೆ. ಸಂಜೆ ಮತ್ತೆ ನೆನೆಸಿದರೂ ಕಳೆದುಕೊಂಡದ್ದು ಪೂರ್ತಿ ವಾಪಸು ಬರುವುದಿಲ್ಲ. ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದೇ ನಂಬಬಹುದಾದ ವಿಧಾನ. ಸಾವಿರ ಚದರಡಿ ಮೋಲ್ಡ್‌ಗೆ ಒಂದಿಂಚು ನೀರೆಂದರೆ ಸುಮಾರು 2,300 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ 450 ಲೀಟರಿಗೂ ಹೆಚ್ಚು ಮತ್ತೆ ತುಂಬಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿದಾಗ ಇದು ಸಣ್ಣ ಲೆಕ್ಕವಾಗಿ ಉಳಿಯಲಿಲ್ಲ. ನೀರಿಗೆ ತತ್ವಾರವಿದ್ದರೆ ನೆನೆದ ಗೋಣಿಚೀಲ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿದರೆ ಖರ್ಚು ಎಷ್ಟೋ ತಗ್ಗುತ್ತದೆ. ಸಿಂಪಡಿಸುವ ಕ್ಯೂರಿಂಗ್ ಕಾಂಪೌಂಡೂ ಇದೆ. ಆದರೆ ಮೇಣದ ಬಗೆಯದನ್ನು ಉಜ್ಜಿ ತೆಗೆಯದೆ ವಾಟರ್‌ಪ್ರೂಫಿಂಗ್ ಮಾಡಿದರೆ ಅದು ಹಿಡಿಯುವುದಿಲ್ಲ.

ಎಷ್ಟು ದಿನ? ಐಎಸ್ 456 ಪ್ರಕಾರ ಸಾಮಾನ್ಯ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ. ಈಗ ಮನೆ ಕಟ್ಟಲು ಹೆಚ್ಚಾಗಿ ಬಳಸುವುದು ಹಾರುಬೂದಿ ಬೆರೆತ ಪಿಪಿಸಿ. ಸಿಮೆಂಟು ಮೊದಲು ಸುಣ್ಣ ಬಿಟ್ಟುಕೊಟ್ಟ ಮೇಲಷ್ಟೇ ಬೂದಿ ಕೆಲಸಕ್ಕಿಳಿಯುವುದರಿಂದ ಅದಕ್ಕೆ 10 ದಿನ, ಒಣ ಬಿಸಿಲಿನಲ್ಲಿ 14. ಏಳನೆಯ ದಿನಕ್ಕೇ ಕಟ್ಟೆ ಒಡೆಯುವ ಮೇಸ್ತ್ರಿ ಹಳೆಯ ಸಿಮೆಂಟಿನ ಲೆಕ್ಕವನ್ನೇ ಹಿಡಿದಿರುತ್ತಾನೆ.

ಲ್ಯಾಬಿನ ಕ್ಯೂಬ್ ರಿಪೋರ್ಟ್ ತೋರಿಸಿ ಕಂಟ್ರಾಕ್ಟರು ನಿಮ್ಮನ್ನು ಒಪ್ಪಿಸಬಹುದು. ಆ ಕ್ಯೂಬು 28 ದಿನ ತೊಟ್ಟಿಯ ನೀರಿನಲ್ಲಿ ಮುಳುಗಿತ್ತು. ಅದು ಹೇಳುವುದು ಮಿಶ್ರಣದ ಗುಣವನ್ನು, ಮೋಲ್ಡಿನ ಪಾಡನ್ನಲ್ಲ. ಮೋಲ್ಡಿನ ಮೇಲೆ ಅಂಗೈ ಉಜ್ಜಿ ನೋಡಿ. ಬಿಳಿ ಪುಡಿ ಕೈಗೆ ಹತ್ತಿದರೆ, ಚೆಲ್ಲಿದ ನೀರನ್ನು ಅದು ಸರ್ರನೆ ಹೀರಿದರೆ ಮೇಲ್ಪದರ ಬಡವಾಗಿದೆ ಎಂದು ಅನುಮಾನಿಸಿ, ಎಂಜಿನಿಯರ್ ಕೈಲಿ ರೀಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿಸಬಹುದು.