ದೂರಿಗೆ ಜೋಕ್ ಮಾಡಿ ಉತ್ತರ ಕೊಟ್ಟರೆ ಗ್ರಾಹಕರ ಸಿಟ್ಟು ಇಳಿಯುತ್ತಾ?

ಕಂಪನಿಗಳು ಗ್ರಾಹಕರ ದೂರಿಗೆ ತಮಾಷೆಯಾಗಿ ಉತ್ತರ ಕೊಟ್ಟ ಸ್ಕ್ರೀನ್‌ಶಾಟ್‌ಗಳು ನಮ್ಮ ಗ್ರೂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಅದನ್ನು ನೋಡಿ 'ನಗಿಸಿಬಿಟ್ಟರೆ ಗ್ರಾಹಕ ತಣ್ಣಗಾಗ್ತಾನೆ' ಅಂದುಕೊಳ್ಳುವವರು ಬಹಳ. ಇದು ಅರ್ಧ ಸತ್ಯ ಮಾತ್ರ. ಯಾರನ್ನು ನೋಡಿ ನಗುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

2024ರ ಅಕ್ಟೋಬರ್‌ನಲ್ಲಿ ಹಾಸ್ಯ ಕಲಾವಿದ ಕುನಾಲ್ ಕಾಮ್ರಾ, ರಿಪೇರಿಗೆ ಬಂದು ಸಾಲಾಗಿ ನಿಂತಿದ್ದ ಓಲಾ ಎಲೆಕ್ಟ್ರಿಕ್ ಸ್ಕೂಟರ್‌ಗಳ ಫೋಟೋ ಹಾಕಿ ಗ್ರಾಹಕರ ಪರ ಪ್ರಶ್ನೆ ಕೇಳಿದರು. ಬೆಂಗಳೂರಿನ ಆ ಕಂಪನಿಯ ಮುಖ್ಯಸ್ಥ ಭವಿಶ್ ಅಗರ್ವಾಲ್, ಕಾಮ್ರಾ ಅವರ ಹಾಸ್ಯದ ವೃತ್ತಿಯನ್ನೇ ಚುಚ್ಚಿ ಉತ್ತರಿಸಿದರು. ಸ್ಕೂಟರ್ ಯಾವಾಗ ರಿಪೇರಿಯಾಗುತ್ತೆ ಅನ್ನೋ ಪ್ರಶ್ನೆ ಅಲ್ಲೇ ಉಳಿಯಿತು, ಜಗಳ ಮಾತ್ರ ದೇಶವೆಲ್ಲ ಸುತ್ತಿತು. ಮರುದಿನ ಕಂಪನಿಯ ಷೇರು ಸುಮಾರು ಶೇ. 8ರಷ್ಟು ಬಿತ್ತು. ಅದಕ್ಕೆ ಈ ಮಾತೊಂದೇ ಕಾರಣ ಎನ್ನಲಾಗದು. ಆದರೆ ಆ ಉತ್ತರದಿಂದ ಸಿಟ್ಟು ಇಳಿಯಲಿಲ್ಲ ಅನ್ನೋದಂತೂ ಎಲ್ಲರಿಗೂ ಕಂಡಿತು.

ಈಗ ನಮ್ಮೂರಿನ ಕಡೆಗೆ ಬರೋಣ. ಚಿಕ್ಕಬಳ್ಳಾಪುರದಿಂದ ದ್ರಾಕ್ಷಿ ಕಳಿಸುವ ಒಂದು ಇನ್‌ಸ್ಟಾಗ್ರಾಂ ಪೇಜ್ ಇದೆ ಅಂದುಕೊಳ್ಳಿ. ಚಿಂತಾಮಣಿಯ ಗ್ರಾಹಕರೊಬ್ಬರು ಬರೆಯುತ್ತಾರೆ: 'ನಾನು ಕೇಳಿದ್ದು ದ್ರಾಕ್ಷಿ, ನೀವು ಕಳಿಸಿದ್ದು ಜ್ಯೂಸ್!' ಇದಕ್ಕೆ 'ಜ್ಯೂಸ್ ಫ್ರೀ ಸಾರ್' ಅಂದರೆ ಓದಿದವರು ನಗಬಹುದು, ದುಡ್ಡು ಕೊಟ್ಟವರು ನಗಲ್ಲ. ಅವರ ಮಾತಿನಲ್ಲಿ ತಮಾಷೆ ಇದ್ದರೂ ಕೈಯಲ್ಲಿರೋದು ಒದ್ದೆ ಪೆಟ್ಟಿಗೆ.

ಹೀಗೆ ಬರೆದು ನೋಡಿ: 'ಕ್ಷಮಿಸಿ ಸಾರ್, ಪ್ಯಾಕಿಂಗ್ ನಮ್ಮದೇ ತಪ್ಪು. ನಾಳೆ ಸಂಜೆಯೊಳಗೆ ಬೇರೆ 2 ಕೆಜಿ ತಲುಪಿಸ್ತೀವಿ, ದುಡ್ಡು ಬೇಡ. ಈ ಸಲ ಗೊಂಚಲಾಗೇ ಬರುತ್ತೆ, ಲೋಟ ರೆಡಿ ಮಾಡ್ಕೋಬೇಡಿ.' ಮೊದಲು ಕ್ಷಮೆ, ಆಮೇಲೆ ಏನು ಮಾಡ್ತೀವಿ, ಯಾವಾಗ ಅನ್ನೋದು, ನಗು ಕೊನೆಗೆ. ಅದೂ ನಮ್ಮನ್ನೇ ನೋಡಿಕೊಂಡು. ನಗುವ ಸಾಲು ತೆಗೆದು ಓದಿ: ಉತ್ತರ ಪೂರ್ತಿ ಇದೆಯಾ? ಇದ್ದರೆ ಕಳಿಸಿ. ಏನೂ ಉಳಿಯದಿದ್ದರೆ ಅದು ಉತ್ತರವೇ ಅಲ್ಲ. ಇನ್ನು ನಾಳೆ ಪೆಟ್ಟಿಗೆ ಹೋಗದಿದ್ದರೆ ಇದೇ ಜೋಕ್ ಸ್ಕ್ರೀನ್‌ಶಾಟ್ ಆಗಿ ನಿಮ್ಮ ಮೇಲೇ ತಿರುಗುತ್ತೆ.

ಎಲ್ಲ ದೂರಿಗೂ ನಗು ಹೊಂದಲ್ಲ. ಗೌರಿಬಿದನೂರಿನ ನಾಮಕರಣಕ್ಕೆ ಬೇಕಿದ್ದ ಹಣ್ಣು ಮಾರನೇ ದಿನ ಬಂತು, ತಿಂದ ಮಗುವಿಗೆ ವಾಂತಿಯಾಯ್ತು, ದುಡ್ಡು ಎರಡು ಸಲ ಕಟ್ಟಾಯ್ತು ಅಂದಾಗ ನೇರವಾಗಿ ಮಾತಾಡಿ, ಫೋನ್ ಮಾಡಿ. ಅದೇ ಗ್ರಾಹಕ ಎರಡನೇ ಸಲ ದೂರಿದರೂ ಅಷ್ಟೇ, ಮೊದಲ ಸಲದ ತಮಾಷೆ ಅಲ್ಲಿಗೆ ಮುಗಿಯಿತು.

ದೂರು ಕೊಡುವವರಿಗೂ ಒಂದು ಮಾತು. ನಿಮ್ಮ ಪೋಸ್ಟ್ ಕೆಳಗೆ ತುಂಬಾ ನಯವಾಗಿ, ಇಮೋಜಿ ಹಾಕಿ ಉತ್ತರಿಸಿದ್ದು ಕಂಪನಿಯೇ ಆಗಿರಬೇಕಿಲ್ಲ. ಅದೇ ಹೆಸರಿನ ನಕಲಿ ಖಾತೆ ತೆರೆದು ದೂರುಗಳಿಗೆ ಕಾಯುವ ವಂಚಕರಿದ್ದಾರೆ. 'ರೀಫಂಡ್‌ಗೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅಥವಾ 'ಒಟಿಪಿ ಹೇಳಿ' ಅಂದರೆ ಅಲ್ಲೇ ನಿಲ್ಲಿಸಿ, ದುಡ್ಡು ವಾಪಸ್ ಪಡೆಯಲು ಇವೆರಡೂ ಬೇಕಾಗಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.