ಒಣಗುವ ಮೊದಲೇ ತೊಳೆಯಿರಿ

ಅಣ್ಣನ ಮಗಳ ಮದುವೆಗೆ ಇನ್ನು ಹತ್ತು ದಿನ ಇತ್ತು. ಪಾರ್ಲರಿನ ಫೇಶಿಯಲ್ ಬೇಡ, ಮನೆಯದೇ ಒಳ್ಳೆಯದು ಎಂದು ಅವಳು ದಿನಾ ಸಂಜೆ ಕಡಲೆ ಹಿಟ್ಟಿಗೆ ಅರಿಶಿನ, ಮೊಸರು, ಜೇನುತುಪ್ಪ ಹಾಕಿ ಕಲಸಿ ಮುಖಕ್ಕೆ ಹಚ್ಚಿಕೊಳ್ಳಲು ಶುರುಮಾಡಿದಳು. ಹಚ್ಚಿ ಅರ್ಧ ಗಂಟೆ ಫ್ಯಾನಿನ ಕೆಳಗೆ ಕೂರುವುದು, ಪೂರಾ ಒಣಗಿ ಬಿರುಕು ಬಿಟ್ಟ ಮೇಲೆ ಬೆರಳಿನಿಂದ ಉಜ್ಜಿ ಉದುರಿಸುವುದು. ನಾಲ್ಕನೇ ದಿನ ತಣ್ಣೀರು ತಾಗಿದರೂ ಮುಖ ಉರಿಯತೊಡಗಿತು. ಐದನೇ ದಿನ ಕೆನ್ನೆಯ ಮೂಳೆಯ ಮೇಲೆ ಚರ್ಮ ಸಿಪ್ಪೆ ಎದ್ದಿತು. ಚರ್ಮದ ವೈದ್ಯರು ಪ್ಯಾಕನ್ನೂ ಸೋಪನ್ನೂ ನಿಲ್ಲಿಸಿ, ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಮಾತ್ರ ಸಾಕು ಎಂದರು. ಕೆಂಪು ಒಂದು ವಾರದಲ್ಲಿ ಇಳಿಯಿತು. ಅದೇ ಜಾಗದಲ್ಲಿ ಉಳಿದ ಕಂದು ಕಲೆ ಮಾಸಲು ಮೂರು ತಿಂಗಳು ಹಿಡಿಯಿತು.

ಆಮೇಲೆ ಅವಳು ನಾಲ್ಕು ಪದಾರ್ಥಗಳನ್ನೂ ಒಂದೊಂದಾಗಿ ಮೊಣಕೈಯ ಒಳಬದಿಗೆ ಹಚ್ಚಿ ನೋಡಿದಳು. ಯಾವುದಕ್ಕೂ ಏನೂ ಆಗಲಿಲ್ಲ. ಹಾಗಾದರೆ ಮುಖ ಸುಟ್ಟಂತಾದದ್ದು ಯಾತರಿಂದ? ಹಚ್ಚಿದ ರೀತಿಯಿಂದ, ತೆಗೆದ ರೀತಿಯಿಂದ.

ನಮ್ಮ ಅಜ್ಜಿಯರು ಕಡಲೆ ಹಿಟ್ಟನ್ನು ಬಚ್ಚಲಮನೆಯಲ್ಲಿ ಬಳಸುತ್ತಿದ್ದರು. ಮೈಗೆ ಎಣ್ಣೆ ಹಚ್ಚಿ, ಅದು ನೆಂದ ಮೇಲೆ ಹಿಟ್ಟನ್ನು ನೀರಲ್ಲಿ ಕಲಸಿ ತಿಕ್ಕಿ, ಕೂಡಲೇ ಬಿಸಿನೀರು ಸುರಿಯುತ್ತಿದ್ದರು. ಅದು ಸೋಪಿನ ಜಾಗದ ವಸ್ತು. ಎಣ್ಣೆಯನ್ನು ಹೀರಿ, ಕೊಳೆ ಎತ್ತಿ, ನಿಮಿಷದಲ್ಲಿ ಹರಿದುಹೋಗುತ್ತಿತ್ತು. ಎಣ್ಣೆಯಿಲ್ಲದ ಮುಖಕ್ಕೆ ಅದನ್ನೇ ಮೆತ್ತಿ ಒಣಗಿಸುವಾಗ ಹಿಟ್ಟಿಗೆ ಹೀರಲು ಸಿಗುವುದು ಚರ್ಮದ ಸ್ವಂತ ಜಿಡ್ಡು ಮಾತ್ರ. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳು ಇಟ್ಟಿಗೆಯಂತೆ ಜೋಡಿಸಿಕೊಂಡಿರುತ್ತವೆ, ಅವುಗಳ ನಡುವೆ ಗಾರೆಯಂತೆ ಕೊಬ್ಬಿನಂಶ ಇರುತ್ತದೆ. ಒಳಗಿನ ನೀರನ್ನು ಹಿಡಿದಿಡುವುದು ಈ ಗೋಡೆ. ಒಣಗಿದ ಹಿಟ್ಟು ಇದಕ್ಕೆ ಅಂಟಿಕೊಂಡಿರುವಾಗ ಉಜ್ಜಿದರೆ ಗೋಡೆಯ ಚೂರುಗಳೂ ಅದರ ಜೊತೆ ಬರುತ್ತವೆ. ಒಮ್ಮೆ ಆದರೆ ಚರ್ಮ ಸರಿಪಡಿಸಿಕೊಳ್ಳುತ್ತದೆ. ದಿನಾ ಆದರೆ ಅದಕ್ಕೆ ಬಿಡುವೇ ಸಿಗುವುದಿಲ್ಲ.

ನಮ್ಮಂಥ ಕಂದು ಚರ್ಮದವರು ಇಲ್ಲಿ ಒಂದು ಮಾತನ್ನು ಗಮನದಲ್ಲಿಟ್ಟುಕೊಳ್ಳಬೇಕು. ಬಿಳಿ ಚರ್ಮ ಕೆರಳಿದರೆ ಕೆಂಪಾಗಿ ಹೆಚ್ಚಾಗಿ ಹಾಗೆಯೇ ಇಳಿಯುತ್ತದೆ. ನಮ್ಮ ಚರ್ಮ ಕೆರಳಿದರೆ ಮೆಲನಿನ್ ಎಂಬ ಬಣ್ಣ ಆ ಜಾಗದಲ್ಲಿ ಹೆಚ್ಚಾಗಿ ಕೂಡುತ್ತದೆ, ಉರಿ ಹೋದ ಮೇಲೂ ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಿಸಿಲು ತಾಗಿದರೆ ಇನ್ನೂ ಗಾಢವಾಗುತ್ತದೆ. ಬೆಳ್ಳಗಾಗಲೆಂದು ಉಜ್ಜಿದ ಮುಖ ಕಪ್ಪಾಗುವುದು ಹೀಗೆ. ಆದ್ದರಿಂದ ಉರಿ ಬಂದಾಗ 'ಕೆಲಸ ಮಾಡ್ತಾ ಇದೆ, ಸ್ವಲ್ಪ ತಡಕೋ' ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಹಾಗಾದರೆ ಪ್ಯಾಕಿನಿಂದ ಲಾಭವೇ ಇಲ್ಲವೇ? ಇದೆ, ಆದರೆ ಅದರ ಅಳತೆ ತಿಳಿದಿರಬೇಕು. ಕಡಲೆ ಹಿಟ್ಟು ಜಿಡ್ಡು ತೆಗೆಯುತ್ತದೆ, ಸಡಿಲವಾದ ಸತ್ತ ಪದರವನ್ನು ಎತ್ತುತ್ತದೆ. ಮೇಲ್ಮೈ ನಯವಾದಾಗ ಬೆಳಕು ಒಂದೇ ಸಮ ಪ್ರತಿಫಲಿಸಿ ಮುಖ ಕಳೆಯಾಗಿ ಕಾಣುತ್ತದೆ. ಈ ಕಳೆ ಒಂದೆರಡು ದಿನದ್ದು. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಸತ್ತ ಕೋಶಗಳ ಹಿಡಿತವನ್ನು ಸಡಿಲಿಸುವಂಥದ್ದು. ಆದರೆ ಮೊಸರಿನಲ್ಲಿ ಅದು ಸುಮಾರು ಶೇಕಡ 1ರಷ್ಟು ಮಾತ್ರ, ಈ ಕೆಲಸಕ್ಕೆಂದೇ ಮಾಡಿದ ಕ್ರೀಮುಗಳಲ್ಲಿ ಶೇಕಡ 5ರಿಂದ 10ರವರೆಗೆ ಇರುತ್ತದೆ. ಹಾಗಾಗಿ ತಾಜಾ ಮೊಸರು ಮೃದು. ಅದರ ಕೆನೆ ಹಿಟ್ಟಿನ ಒಣತನವನ್ನೂ ತಗ್ಗಿಸುತ್ತದೆ. ಎರಡು ದಿನ ಹೊರಗಿಟ್ಟು ಹುಳಿಬಂದ ಮೊಸರು ಬೇರೆ. ಥ್ರೆಡಿಂಗ್, ಶೇವಿಂಗ್, ಬ್ಲೀಚ್ ಆದ ಚರ್ಮಕ್ಕೆ ಅದು ಚುರ್ರೆನ್ನುತ್ತದೆ.

ಜೇನುತುಪ್ಪ ನಾಲ್ಕರಲ್ಲಿ ಹೆಚ್ಚು ಸಾಧು. ಅದರಲ್ಲಿ ಸುಮಾರು ಶೇಕಡ 80 ಸಕ್ಕರೆ, ಅದು ತೇವವನ್ನು ಹಿಡಿದಿಡುತ್ತದೆ, ಪ್ಯಾಕ್ ಬೇಗ ಒಣಗದಂತೆ ತಡೆಯುತ್ತದೆ. ಹರಳುಗಟ್ಟಿದ್ದರೆ ಮಾತ್ರ ಬಿಸಿನೀರಿನ ಬಟ್ಟಲಲ್ಲಿಟ್ಟು ಕರಗಿಸಿಕೊಳ್ಳಿ, ಇಲ್ಲವಾದರೆ ಹರಳು ಮುಖ ಗೀರುತ್ತದೆ. ಹೂವಿನ ಪರಾಗಕ್ಕೆ ಅಥವಾ ಜೇನಿನ ಪದಾರ್ಥಗಳಿಗೆ ಅಲರ್ಜಿ ಇರುವವರಿಗೆ ಇದು ಬೇಡ. ಒಂದು ವರ್ಷದೊಳಗಿನ ಕೂಸಿನ ಮುಖಕ್ಕಂತೂ ಬೇಡವೇ ಬೇಡ. ನೆಕ್ಕಿದ ಜೇನು ಅಷ್ಟು ಎಳೆಯ ಮಗುವಿಗೆ ಬಾಟ್ಯುಲಿಸಂ ಎಂಬ ವಿಷಬಾಧೆ ತರಬಲ್ಲದು.

ಅರಿಶಿನದ ಬಗ್ಗೆ ನಮಗಿರುವ ನಂಬಿಕೆ ದೊಡ್ಡದು, ಪ್ಯಾಕಿನಲ್ಲಿ ಅದು ಮಾಡುವ ಕೆಲಸ ಚಿಕ್ಕದು. ಅದರ ಕುರ್ಕುಮಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು, ಹತ್ತು ನಿಮಿಷದ ಲೇಪದಿಂದ ಚರ್ಮದೊಳಗೆ ಹೆಚ್ಚು ಇಳಿಯುವುದೂ ಇಲ್ಲ. ತೊಳೆದ ಮೇಲೆ ಕಾಣುವ ಹೊಂಬಣ್ಣ ಮೇಲ್ಪದರಕ್ಕೆ ಹತ್ತಿದ ಬಣ್ಣ. ಚಮಚಗಟ್ಟಲೆ ಹಾಕಿದರೆ ಗುಣ ಹೆಚ್ಚುವುದಿಲ್ಲ, ಹಳದಿ ಹೆಚ್ಚುತ್ತದೆ. ಬಿಡಿ ಪುಡಿಯಲ್ಲಿ ಕೃತಕ ಬಣ್ಣದ ಕಲಬೆರಕೆಯೂ ಇರಬಹುದು. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ, ಕಲಕದೆ ಬಿಡಿ. ಒಳ್ಳೆಯ ಪುಡಿ ಕೆಳಗೆ ಕೂತು ಮೇಲಿನ ನೀರು ತಿಳಿ ಹಳದಿಯಾಗುತ್ತದೆ. ನೀರೆಲ್ಲ ಕಡು ಹಳದಿಯಾದರೆ ಅದು ಮುಖಕ್ಕೂ ಬೇಡ, ಸಾರಿಗೂ ಬೇಡ.

ಅಪರೂಪವಾದರೂ ಶುದ್ಧ ಅರಿಶಿನಕ್ಕೇ ಅಲರ್ಜಿ ಆಗುವವರಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಹಚ್ಚಿದ ದಿನ ಏನೂ ಆಗಲಿಲ್ಲ. ಎರಡನೇ ದಿನ ರೆಪ್ಪೆ ಊದಿತು, ಕತ್ತಿನ ಮೇಲೆ ಸಣ್ಣ ಗುಳ್ಳೆಗಳೆದ್ದು ವಿಪರೀತ ತುರಿಕೆ. ಅಣ್ಣನ ಮಗಳದ್ದು ಉರಿ, ಇವರದ್ದು ತುರಿಕೆ. ವ್ಯತ್ಯಾಸ ಇದೇ. ಕೆರಳಿಕೆಯಾದರೆ ಹಚ್ಚಿದ ಕೆಲವೇ ನಿಮಿಷಗಳಲ್ಲಿ, ಇಲ್ಲವೇ ದಿನಾ ಹಚ್ಚುತ್ತ ಹೋದಂತೆ ಉರಿ ಬರುತ್ತದೆ. ಹೊತ್ತು ಮತ್ತು ಪ್ರಮಾಣ ತಗ್ಗಿಸಿದರೆ ತಪ್ಪುತ್ತದೆ. ಅಲರ್ಜಿ ಒಂದೆರಡು ದಿನ ತಡವಾಗಿ ಬರುತ್ತದೆ, ಮುಂದೆ ಚಿಟಿಕೆ ತಾಗಿದರೂ ಮರಳುತ್ತದೆ. ಅಂಥವರು ಆ ಪದಾರ್ಥವನ್ನು ಪೂರ್ತಿ ಬಿಡಬೇಕು. ಇದನ್ನು ಮೊದಲೇ ತಿಳಿಯಲು ಪ್ರತಿ ಪದಾರ್ಥವನ್ನೂ ಬೇರೆಬೇರೆಯಾಗಿ ಮೊಣಕೈ ಒಳಬದಿಗೆ, ಮುಖದ ಮೇಲೆ ಬಿಡುವಷ್ಟೇ ಹೊತ್ತು, ದಿನಕ್ಕೆರಡು ಸಲ ಒಂದು ವಾರ ಹಚ್ಚಿ ತೊಳೆದು ನೋಡಬೇಕು. ಒಂದು ಸಲ ಹಚ್ಚಿ ಸಂಜೆಗೆ ತೀರ್ಮಾನಿಸಿದರೆ ಅಲರ್ಜಿ ಸಿಕ್ಕಿಬೀಳುವುದಿಲ್ಲ.

ಈಗ ಅಣ್ಣನ ಮಗಳು ಮಾಡುವ ಕ್ರಮ ಹೀಗಿದೆ. ನುಣ್ಣಗೆ ಜರಡಿ ಹಿಡಿದ ಕಡಲೆ ಹಿಟ್ಟು ಎರಡು ಚಮಚ, ಅಂದೇ ಹೆಪ್ಪಾದ ಮೊಸರು ಎರಡು ಚಮಚ, ಜೇನು ಅರ್ಧ ಚಮಚ, ಅರಿಶಿನ ಒಂದು ಚಿಟಿಕೆ. ದೋಸೆ ಹಿಟ್ಟಿನ ಹದಕ್ಕೆ ಬರುವಷ್ಟು ನೀರು. ಒದ್ದೆ ಮುಖಕ್ಕೆ ಕಣ್ಣು, ತುಟಿ ಬಿಟ್ಟು ತೆಳ್ಳಗೆ ಹಚ್ಚಿ ಐದರಿಂದ ಏಳು ನಿಮಿಷ. ಅಂಚಿನಲ್ಲಿ ಬಣ್ಣ ತಿಳಿಯಾಗತೊಡಗಿತು ಎಂದರೆ ಸಮಯವಾಯಿತು. ಮೊದಲು ನೀರು ಚಿಮುಕಿಸಿ ಅರ್ಧ ನಿಮಿಷ ನೆನೆಸಿ, ಅಂಗೈಯಿಂದ ಜಾರಿಸಿ ತೊಳೆಯುತ್ತಾಳೆ, ಉಜ್ಜುವುದಿಲ್ಲ. ಮುಖ ಇನ್ನೂ ತೇವವಿರುವಾಗಲೇ ಮಾಯಿಶ್ಚರೈಸರ್. ವಾರಕ್ಕೆ ಒಂದೇ ಸಲ. ಉಳಿದ ಹಿಟ್ಟನ್ನು ನಾಳೆಗೆ ಇಡುವುದಿಲ್ಲ, ಅದು ಹುಳಿಯುತ್ತದೆ. ನಿಂಬೆರಸ ಹಿಂಡುವುದನ್ನೂ ಬಿಟ್ಟಿದ್ದಾಳೆ. ಅದರ ಹುಳಿ ಮೊಸರಿಗಿಂತ ಬಹಳ ಕಟು, ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆಯೇ ಆಗಬಹುದು.

ಕೀವು ತುಂಬಿದ ಮೊಡವೆ, ಇಸುಬು, ಹುಳುಕಡ್ಡಿ ಇರುವ ಮುಖಕ್ಕೆ ಈ ಪ್ಯಾಕ್ ಸಲ್ಲದು. ಮೊಡವೆಗೆ ಟ್ರೆಟಿನಾಯಿನ್ ಅಥವಾ ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚುತ್ತಿರುವವರ ಚರ್ಮ ಆಗಲೇ ಒಣಗಿರುತ್ತದೆ, ಅವರಿಗೂ ಬೇಡ. ಬಂಗು ಇದರಿಂದ ಹೋಗುವುದಿಲ್ಲ. ತೊಳೆದ ಮೇಲೆ ಮುಖ ಬಿಗಿದಂತಾದರೆ ಮುಂದಿನ ಸಲ ಹಿಟ್ಟು ಕಡಿಮೆ ಮಾಡಿ. ತುರಿಕೆ ಎದ್ದರೆ ಎಲ್ಲವನ್ನೂ ನಿಲ್ಲಿಸಿ. ರೆಪ್ಪೆ ಊದಿದರೆ ಅದೇ ದಿನ ವೈದ್ಯರಿಗೆ ತೋರಿಸಿ, ಹಚ್ಚಿದ ಪುಡಿಯ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.